ಪಾಲಿಸಿ ಬಾಂಡ್ ಕಳೆದುಹೋದಾಗ ಬರೆಯುವ ಆ ಒಂದು ಪುಟದ ಪತ್ರ

ಎಲ್‌ಐಸಿ ಪಾಲಿಸಿಯ ಬಾಂಡ್ ಕಳೆದುಹೋದರೆ ಪಾಲಿಸಿ ಕಳೆದುಹೋಗಲ್ಲ. ಕಟ್ಟಿದ ಪ್ರೀಮಿಯಂ, ನಾಮಿನಿ ಹೆಸರು, ಮೆಚ್ಯೂರಿಟಿ ದಿನಾಂಕ ಎಲ್ಲವೂ ಶಾಖೆಯ ದಾಖಲೆಯಲ್ಲಿ ಹಾಗೇ ಇರುತ್ತೆ. ಆದರೆ ಮೂಲ ಪತ್ರ ಕೈಯಲ್ಲಿ ಇಲ್ಲದೆ ಆ ದಾಖಲೆಯಿಂದ ದುಡ್ಡು ಹೊರಗೆ ಬರೋದು ಕಷ್ಟ. ಉದಾಹರಣೆಗೆ ಪಾಲಿಸಿ ಮೇಲೆ ಸಾಲ ತೆಗೆಯಬೇಕಾದರೆ ಮೂಲ ಬಾಂಡನ್ನು ಎಲ್‌ಐಸಿಗೇ ಒಪ್ಪಿಸಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬೀರು ಹುಡುಕೋಕೆ ಶುರುವಾಗೋದು ಕಾಲೇಜು ಫೀಸ್ ಕಟ್ಟೋ ಹೊತ್ತಿಗೇ!

ಇಂಥ ಸಮಯದಲ್ಲಿ ಮಾಡಿಸಬೇಕಾದ ಇಂಡೆಮ್ನಿಟಿ ಬಾಂಡ್ ಮತ್ತು ಅಫಿಡವಿಟ್ ಬಗ್ಗೆ ಎಲ್ಲರೂ ಹೇಳ್ತಾರೆ. ಅವೆರಡರ ಮೇಲೆ ಇಡುವ ಕವರಿಂಗ್ ಲೆಟರ್ ಬಗ್ಗೆ ಯಾರೂ ಹೇಳಲ್ಲ. "ಏನೋ ಒಂದು ಬರ್ದು ಕೊಡು" ಅಂತ ಆ ಕೆಲಸ ಮನೆಯಲ್ಲಿ ಓದ್ತಾ ಇರೋರ ಪಾಲಿಗೆ, ಅಂದರೆ ನಮ್ಮ ಪಾಲಿಗೆ ಬರುತ್ತೆ. ಹಾಗಾಗಿ ಆ ಪತ್ರದ ಕೆಲಸ ಏನು ಅಂತ ಇಲ್ಲಿ ನೋಡೋಣ.

ಎರಡು ಸ್ಟಾಂಪ್ ಪೇಪರ್ ಯಾಕೆ?

ಅಫಿಡವಿಟ್ ನಡೆದುಹೋದದ್ದರ ಬಗ್ಗೆ ಮಾತಾಡುತ್ತೆ. "ಪಾಲಿಸಿ ನನ್ನದು, ಪತ್ರ ಹೀಗೆ ಕಳೆದಿದೆ, ಹುಡುಕಿದರೂ ಸಿಕ್ಕಿಲ್ಲ, ಯಾರಿಗೂ ಅಡವಿಟ್ಟಿಲ್ಲ" ಅಂತ ನೋಟರಿ ಮುಂದೆ ಪ್ರಮಾಣ ಮಾಡಿ ಹೇಳೋದು. ಸುಳ್ಳು ಹೇಳಿದರೆ ಅದು ಅಪರಾಧ.

ಇಂಡೆಮ್ನಿಟಿ ಬಾಂಡ್ ಮುಂದೆ ಆಗಬಹುದಾದದ್ದರ ಬಗ್ಗೆ ಮಾತಾಡುತ್ತೆ. ನಾಳೆ ಯಾರೋ ಒಬ್ಬರು ಮೂಲ ಪತ್ರ ಹಿಡಿದುಕೊಂಡು ಬಂದು, "ಇದನ್ನ ನನಗೆ ಬರೆದುಕೊಟ್ಟಿದ್ದಾರೆ, ದುಡ್ಡು ನನ್ನದು" ಅಂದರೆ ಎಲ್‌ಐಸಿಗೆ ನಷ್ಟ ಆಗಬಹುದು. ಆ ನಷ್ಟವನ್ನ ನಾನು ತುಂಬಿಕೊಡ್ತೀನಿ ಅನ್ನುವ ಮಾತು ಇದು. 1872ರ ಭಾರತೀಯ ಕರಾರು ಕಾಯ್ದೆಯ 124ನೇ ಸೆಕ್ಷನ್ ಹೇಳುವ ಇಂಡೆಮ್ನಿಟಿ ಅಂದರೆ ಇದೇ. ಪಾಲಿಸಿದಾರರ ಜೊತೆ ಒಬ್ಬ ಜಾಮೀನುದಾರರೂ ಇದಕ್ಕೆ ಸಹಿ ಹಾಕ್ತಾರೆ.

ಒಂದು ಹಿಂದಿನದಕ್ಕೆ, ಇನ್ನೊಂದು ಮುಂದಿನದಕ್ಕೆ. ಆದರೆ ಈ ಎರಡರಲ್ಲೂ "ಈಗ ನನಗೆ ಇದು ಬೇಕು" ಅನ್ನುವ ಮಾತು ಇರಬೇಕೆಂದಿಲ್ಲ. ಅದನ್ನ ಹೇಳೋದು ಕವರಿಂಗ್ ಲೆಟರ್. ಜೊತೆಗೆ ಬಿಡಿಬಿಡಿಯಾದ ಕಾಗದಗಳು ಒಂದೇ ಪಾಲಿಸಿಗೆ ಸೇರಿದವು ಅಂತ ಕಟ್ಟಿಹಾಕೋದೂ ಅದೇ.

ಬರೆಯೋ ಮೊದಲು

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಪ್ರೈಮರಿ ಸ್ಕೂಲ್ ಮೇಡಂ 15-06-2009ರಂದು ಶಿವಮೊಗ್ಗದ ಶಾಖೆಯಲ್ಲಿ 20 ವರ್ಷದ ಪಾಲಿಸಿ ಮಾಡಿಸಿದ್ದಾರೆ. ವಿಮಾ ಮೊತ್ತ 2 ಲಕ್ಷ. 2022ರ ಮೇ ತಿಂಗಳಲ್ಲಿ ಮನೆ ದಾವಣಗೆರೆಗೆ ಬದಲಾಯಿತು. 2025ರ ಜುಲೈನಲ್ಲಿ ಮಗನ ಫೀಸಿಗೆ ಪಾಲಿಸಿ ಮೇಲೆ ಸಾಲ ಕೇಳೋಣ ಅಂತ ಬಾಂಡ್ ಹುಡುಕಿದರೆ ಇಲ್ಲ.

ಇಲ್ಲಿ ಮೊದಲ ಕೆಲಸ ಸ್ಟಾಂಪ್ ಪೇಪರ್ ತರೋದಲ್ಲ. ಪಾಲಿಸಿ ನಂಬರ್ ಹಿಡಿದು ಶಾಖೆಯಲ್ಲಿ ವಿಚಾರಿಸಬೇಕು. ಈ ಪಾಲಿಸಿ ಮೇಲೆ ಹಿಂದೆ ಸಾಲ ತೆಗೆದಿದ್ದರೆ ಬಾಂಡ್ ಎಲ್‌ಐಸಿ ಹತ್ತಿರವೇ ಇರಬಹುದು. ಬ್ಯಾಂಕಿಗೆ ಬರೆದುಕೊಟ್ಟಿದ್ದರೆ ಬ್ಯಾಂಕಿನಲ್ಲಿರಬಹುದು. ಬ್ಯಾಂಕಿನ ಲಾಕರಿನಲ್ಲಿರುವ ಪತ್ರಕ್ಕೆ "ಕಳೆದುಹೋಗಿದೆ, ಎಲ್ಲೂ ಅಡವಿಟ್ಟಿಲ್ಲ" ಅಂತ ಪ್ರಮಾಣ ಮಾಡಿಬಿಟ್ಟರೆ ಆಮೇಲೆ ಉತ್ತರ ಕೊಡೋದು ಕಷ್ಟ.

ಎರಡನೇ ಪ್ರಶ್ನೆ, ಪತ್ರ ಯಾವ ಶಾಖೆಗೆ? ಪಾಲಿಸಿಯ ಫೈಲ್ ಇರುವ ಸರ್ವಿಸಿಂಗ್ ಶಾಖೆಗೆ. ಮನೆ ದಾವಣಗೆರೆಗೆ ಬಂದ ಮಾತ್ರಕ್ಕೆ ಫೈಲೂ ಜೊತೆಗೆ ಬಂದಿರಲ್ಲ, ವರ್ಗಾವಣೆಗೆ ಕೇಳಿರಬೇಕು. ಇತ್ತೀಚಿನ ಪ್ರೀಮಿಯಂ ರಸೀದಿ ನೋಡಿದರೆ ಗೊತ್ತಾಗುತ್ತೆ. ನಮ್ಮ ಉದಾಹರಣೆಯಲ್ಲಿ ಫೈಲ್ ಇನ್ನೂ ಶಿವಮೊಗ್ಗದಲ್ಲೇ ಇದೆ ಅಂದುಕೊಳ್ಳೋಣ.

ಮೂರನೆಯದು, ಕೇಳಬೇಕಾದ್ದು ಏನು? ಈ ಪಾಲಿಸಿ ಮುಗಿಯೋದು 2029ರಲ್ಲಿ. ಅಲ್ಲಿವರೆಗೆ ಸಾಲಕ್ಕೂ ಬೇಕು, ಆಮೇಲೆ ಮೆಚ್ಯೂರಿಟಿಗೂ ಬೇಕು. ಹಾಗಾಗಿ ನಕಲು ಪಾಲಿಸಿ, ಅಂದರೆ ಡೂಪ್ಲಿಕೇಟ್ ಕೇಳಬೇಕು. ಮೆಚ್ಯೂರಿಟಿ ದಿನ ಹತ್ತಿರವೇ ಬಂದಿದ್ದರೆ ಡೂಪ್ಲಿಕೇಟ್ ಮಾಡಿಸಿ, ಮತ್ತೆ ಅದನ್ನೇ ವಾಪಸ್ ಕೊಡೋದರಲ್ಲಿ ಅರ್ಥ ಇಲ್ಲ. ಆಗ "ಮೂಲ ಪತ್ರದ ಬದಲು ಇಂಡೆಮ್ನಿಟಿ ಪಡೆದು ಹಣ ಕೊಡಿ" ಅಂತ ಕೇಳಬೇಕು. ಕೋರಿಕೆ ಬದಲಾದರೆ ಇಂಡೆಮ್ನಿಟಿಯ ನಮೂನೆಯೂ ಬದಲಾಗಬಹುದು. ಅದಕ್ಕೇ ನಮೂನೆಯನ್ನೂ, ಎಷ್ಟು ರೂಪಾಯಿಯ ಸ್ಟಾಂಪ್ ಅನ್ನೋದನ್ನೂ, ಪೇಪರಿನಲ್ಲಿ ಪ್ರಕಟಣೆ ಕೊಡಬೇಕಾ ಅನ್ನೋದನ್ನೂ ಶಾಖೆಯಲ್ಲೇ ಕೇಳಿಕೊಂಡು ಬರಬೇಕು.

ಪತ್ರ

ಶಾಖೆ ಹೇಳಿದ ಪ್ರಕಾರ ಎಲ್ಲ ಕಾಗದ ಸಿದ್ಧ ಆದಮೇಲೆ ಪತ್ರ ಹೀಗಿರಬಹುದು:

> ದಿನಾಂಕ: 12-08-2025
> ಸ್ಥಳ: ದಾವಣಗೆರೆ
>
> ಇವರಿಗೆ,
> ಶಾಖಾ ವ್ಯವಸ್ಥಾಪಕರು,
> ಭಾರತೀಯ ಜೀವ ವಿಮಾ ನಿಗಮ, ______ ಶಾಖೆ, ಶಿವಮೊಗ್ಗ
>
> ಮಾನ್ಯರೇ,
>
> ವಿಷಯ: ಪಾಲಿಸಿ ಸಂಖ್ಯೆ ______ ರ ಮೂಲ ಪಾಲಿಸಿ ಪತ್ರ ಕಳೆದಿರುವುದರಿಂದ ನಕಲು ಪಾಲಿಸಿ ನೀಡುವ ಬಗ್ಗೆ.
>
> ಮೇಲ್ಕಂಡ ಪಾಲಿಸಿಯು ನನ್ನ ಹೆಸರಿನಲ್ಲಿದ್ದು, 15-06-2009ರಂದು ಆರಂಭವಾಗಿದೆ. ವಿಮಾ ಮೊತ್ತ ರೂ. 2,00,000. ಮೇ 2022ರಲ್ಲಿ ಶಿವಮೊಗ್ಗದಿಂದ ದಾವಣಗೆರೆಗೆ ಮನೆ ಬದಲಾಯಿಸಿದಾಗ ಮೂಲ ಪಾಲಿಸಿ ಪತ್ರ ಕಳೆದಿರುತ್ತದೆ. ಇದು ಜುಲೈ 2025ರಲ್ಲಿ ನನ್ನ ಗಮನಕ್ಕೆ ಬಂದಿದ್ದು, ಹುಡುಕಿದರೂ ದೊರೆತಿಲ್ಲ.
>
> ಈ ಪಾಲಿಸಿಯನ್ನು ನಾನು ಯಾವ ವ್ಯಕ್ತಿಗೂ, ಬ್ಯಾಂಕಿಗೂ ಅಡಮಾನ ಮಾಡಿಲ್ಲ, ವರ್ಗಾಯಿಸಿಲ್ಲ. ಈ ಬಗ್ಗೆ 11-08-2025ರಂದು ನೋಟರಿ ಸಮಕ್ಷಮ ಮಾಡಿದ ಅಫಿಡವಿಟ್ ಹಾಗೂ ಅದೇ ದಿನ ಜಾಮೀನುದಾರರೊಂದಿಗೆ ಬರೆದುಕೊಟ್ಟ ಇಂಡೆಮ್ನಿಟಿ ಬಾಂಡನ್ನು ಲಗತ್ತಿಸಿದ್ದೇನೆ. ಮೂಲ ಪತ್ರ ಮುಂದೆ ದೊರೆತಲ್ಲಿ ತಮ್ಮ ಶಾಖೆಗೆ ಒಪ್ಪಿಸುತ್ತೇನೆ.
>
> ಆದ್ದರಿಂದ ನಕಲು ಪಾಲಿಸಿ ನೀಡಬೇಕೆಂದು ಕೋರುತ್ತೇನೆ. ಬೇರೆ ದಾಖಲೆ ಅಗತ್ಯವಿದ್ದಲ್ಲಿ ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.
>
> ಲಗತ್ತುಗಳು:
> 1. ಇಂಡೆಮ್ನಿಟಿ ಬಾಂಡ್, ಮೂಲ, ___ ಪುಟ
> 2. ಅಫಿಡವಿಟ್, ಮೂಲ, ___ ಪುಟ
> 3. ಪೊಲೀಸ್ ಇ-ಲಾಸ್ಟ್ ವರದಿ, ದಿನಾಂಕ 04-08-2025, ಪ್ರತಿ
> 4. ಕೊನೆಯ ಪ್ರೀಮಿಯಂ ರಸೀದಿ, ಪ್ರತಿ
> 5. ನನ್ನ ಮತ್ತು ಜಾಮೀನುದಾರರ ಗುರುತಿನ ದಾಖಲೆ, ಸ್ವಯಂ ದೃಢೀಕರಿಸಿದ ಪ್ರತಿಗಳು
>
> ತಮ್ಮ ವಿಶ್ವಾಸಿ,
> (ಸಹಿ, ಹೆಸರು, ವಿಳಾಸ, ಮೊಬೈಲ್ ಸಂಖ್ಯೆ)

ಇದರಲ್ಲಿ ಎಲ್ಲೂ ಬರೀ "ಬಾಂಡ್" ಅನ್ನುವ ಪದ ಒಂಟಿಯಾಗಿ ಬಂದಿಲ್ಲ. ನಾವು ಮಾತಲ್ಲಿ ಪಾಲಿಸಿಗೂ ಬಾಂಡ್ ಅಂತೀವಿ, ಇಂಡೆಮ್ನಿಟಿಗೂ ಬಾಂಡ್ ಅಂತೀವಿ. "ಬಾಂಡ್ ಕಳೆದಿದೆ, ಬಾಂಡ್ ಲಗತ್ತಿಸಿದೆ" ಅಂತ ಬರೆದರೆ ಓದೋರು ಏನು ಅರ್ಥ ಮಾಡ್ಕೋಬೇಕು?

ಕಳೆದುಹೋದ ವಿಷಯ ಹೇಳಿರೋದು ಎರಡೇ ವಾಕ್ಯದಲ್ಲಿ. ಕಳೆದದ್ದು ಯಾವಾಗ ಮತ್ತು ಗೊತ್ತಾದದ್ದು ಯಾವಾಗ ಅನ್ನೋದನ್ನ ಬೇರೆ ಬೇರೆ ಇಟ್ಟಿದೆ, ಯಾಕಂದ್ರೆ ಇಲ್ಲಿ ನಡುವೆ ಮೂರು ವರ್ಷದ ಅಂತರ ಇದೆ. ಫೀಸಿನ ಕಷ್ಟ, ಹೊಸ ವಿಳಾಸ ದಾಖಲಿಸೋದು, ನಾಮಿನಿ ಬದಲಾವಣೆ ಯಾವುದೂ ಇದರಲ್ಲಿಲ್ಲ. ಅವಕ್ಕೆ ಬೇರೆ ಅರ್ಜಿ ಕೊಡೋದೇ ಒಳ್ಳೇದು.

ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ?

ಇಂಥ ಫೈಲ್ ವಾಪಸ್ ಬರೋದು ಸಾಮಾನ್ಯವಾಗಿ ಕಾಗದ ಕಮ್ಮಿ ಇದ್ದದ್ದಕ್ಕಲ್ಲ, ಕಾಗದಗಳು ಒಂದಕ್ಕೊಂದು ಹೊಂದದೇ ಇದ್ದದ್ದಕ್ಕೆ.

ಮೊದಲನೆಯದು ಹೆಸರು. ಮೇಡಂ 2009ರಲ್ಲಿ ತಂದೆಯ ಇನಿಶಿಯಲ್ ಇಟ್ಟುಕೊಂಡು ಪಾಲಿಸಿ ಮಾಡಿಸಿರಬಹುದು, ಆಧಾರ್‌ನಲ್ಲಿ ಗಂಡನ ಹೆಸರು ಸೇರಿರಬಹುದು. ನೋಟರಿ ಆಫೀಸಿನ ಟೈಪಿಸ್ಟ್ ಆಧಾರ್ ನೋಡಿ ಟೈಪ್ ಮಾಡ್ತಾರೆ. ಪತ್ರದಲ್ಲಿ ನಾವು ರಸೀದಿ ನೋಡಿ ಬರೆಯುತ್ತೇವೆ. ಒಂದೇ ವ್ಯಕ್ತಿ ಕಾಗದದ ಮೇಲೆ ಇಬ್ಬರಾಗಿಬಿಡ್ತಾರೆ. ಇದಕ್ಕೆ ಪತ್ರದಲ್ಲಿ ವಿವರಣೆ ಕೊಟ್ಟರೆ ಸಾಲದು, ಎರಡೂ ಹೆಸರು ಒಬ್ಬರದ್ದೇ ಅನ್ನುವ ಸಾಲು ಅಫಿಡವಿಟ್‌ನಲ್ಲೇ ಇರಬೇಕು. ಪ್ರಮಾಣ ಮಾಡಿ ಹೇಳಿದ್ದು ಅಲ್ಲಿ, ಪತ್ರ ಅದನ್ನು ತೋರಿಸುತ್ತೆ ಅಷ್ಟೇ.

ಎರಡನೆಯದು ಕಾರಣ. ಪತ್ರದಲ್ಲಿ "ಮನೆ ಬದಲಾಯಿಸುವಾಗ ಕಳೆದಿದೆ" ಅಂತಿದ್ದು ಅಫಿಡವಿಟ್‌ನಲ್ಲಿ "ಬಸ್ಸಿನಲ್ಲಿ ಕಳುವಾಗಿದೆ" ಅಂತಿದ್ದರೆ ಯಾವುದು ನಿಜ? ಟೈಪಿಸ್ಟ್ ಹತ್ತಿರ ಹಳೇ ನಮೂನೆ ಇರುತ್ತೆ, ಹೆಸರು ಮಾತ್ರ ಬದಲಾಯಿಸಿರ್ತಾರೆ. ಕಳುವು ಅಂತ ಬರೆದರೆ ಪೊಲೀಸ್ ದೂರು ಎಲ್ಲಿ ಅಂತ ಕೇಳೋದು ಸಹಜ. ಹಾಗೇ, ಪಾಲಿಸಿ ಪತ್ರ ಅಂಚೆಯಲ್ಲಿ ಬಂದೇ ಇಲ್ಲದಿದ್ದರೆ "ಕಳೆದಿದೆ" ಅನ್ನಬಾರದು, "ತಲುಪಿಲ್ಲ" ಅನ್ನಬೇಕು. ಅದು ಬೇರೆಯೇ ವಿಷಯ.

ಮೂರನೆಯದು ದಿನಾಂಕಗಳ ಕ್ರಮ. ನಮ್ಮ ಉದಾಹರಣೆಯಲ್ಲಿ 04-08ಕ್ಕೆ ಇ-ಲಾಸ್ಟ್ ವರದಿ, 06-08ಕ್ಕೆ ಇ-ಸ್ಟಾಂಪ್ ಖರೀದಿ, 11-08ಕ್ಕೆ ನೋಟರಿ, 12-08ಕ್ಕೆ ಪತ್ರ. ನಾವು ಮೊದಲೇ ಪತ್ರ ಟೈಪ್ ಮಾಡಿ 05-08 ಅಂತ ಹಾಕಿ ಬಿಟ್ಟಿದ್ದರೆ, ಇನ್ನೂ ಹುಟ್ಟೇ ಇರದ ಅಫಿಡವಿಟ್ಟನ್ನ ಅದು "ಲಗತ್ತಿಸಿದೆ" ಅನ್ನುತ್ತೆ. ಹಾಗಾಗಿ ಪತ್ರಕ್ಕೆ ದಿನಾಂಕ ಕೊನೆಗೆ ಹಾಕಿ. ಇ-ಸ್ಟಾಂಪ್‌ನಲ್ಲಿ ಮೊದಲ ಪಕ್ಷಕಾರರು, ಎರಡನೇ ಪಕ್ಷಕಾರರು ಅಂತ ಮುದ್ರಣ ಆಗಿರುತ್ತೆ. ಅಲ್ಲಿ ಪಾಲಿಸಿದಾರರ ಹೆಸರಿರಬೇಕು. ಸ್ಟಾಂಪ್ ತರೋಕೆ ಹೋದ ಮಗನ ಹೆಸರಲ್ಲ!

ಸಹಿ ಬಗ್ಗೆಯೂ ಒಂದು ಮಾತು. ಇಂಡೆಮ್ನಿಟಿ ಬಾಂಡಿಗೆ ಮನೆಯಲ್ಲೇ ಸಹಿ ಹಾಕಿ ತಗೊಂಡು ಹೋಗಬಾರದು, ಪಾಲಿಸಿದಾರರು ಮತ್ತು ಜಾಮೀನುದಾರರು ಇಬ್ಬರೂ ನೋಟರಿ ಎದುರಿಗೇ ಹಾಕಬೇಕು. ನಮೂನೆ ಇಂಗ್ಲಿಷಿನಲ್ಲಿದ್ದು ಅಮ್ಮ ಕನ್ನಡದಲ್ಲಿ ಸಹಿ ಹಾಕೋದಾದರೆ, ಓದಿ ಅರ್ಥ ಹೇಳಿದ್ದೇನೆ ಅಂತ ಇನ್ನೊಬ್ಬರು ಬರೆದುಕೊಡುವ ಜಾಗ ನಮೂನೆಯಲ್ಲಿ ಇದೆಯಾ ನೋಡಿ. ಇದ್ದರೆ ಖಾಲಿ ಬಿಡಬೇಡಿ. ಬರೀ ತುಂಬೋದಲ್ಲ, ನಿಜವಾಗಿಯೂ ಓದಿ ಹೇಳಿ. ನಾಳೆ ಬೇರೆಯವರು ಹಕ್ಕು ಕೇಳಿಕೊಂಡು ಬಂದರೆ ದುಡ್ಡು ಕಟ್ಟಬೇಕಾದವರು ಅವರೇ, ಅವರ ಜೊತೆ ನಿಂತ ಜಾಮೀನುದಾರರೂ ಅದಕ್ಕೆ ಸಿಕ್ಕಿಕೊಳ್ತಾರೆ.

ಕೊಡುವ ದಿನ

ಪತ್ರದ ಎರಡು ಪ್ರತಿ ಇರಲಿ. ಒಂದನ್ನ ಲಗತ್ತುಗಳ ಜೊತೆ ಒಳಗೆ ಕೊಟ್ಟು, ಇನ್ನೊಂದರ ಮೇಲೆ ಶಾಖೆಯ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಇಂಡೆಮ್ನಿಟಿ ಮತ್ತು ಅಫಿಡವಿಟ್‌ಗಳ ಮೂಲವನ್ನೇ ಕೊಡ್ತಾ ಇರೋದರಿಂದ ಅದಕ್ಕಿಂತ ಮೊದಲು ಎಲ್ಲ ಪುಟ, ಹಿಂಬದಿಯ ನೋಟರಿ ಸೀಲು ಕೂಡ ಕಾಣುವ ಹಾಗೆ ಸ್ಕ್ಯಾನ್ ಮಾಡಿಡಿ. ಲಗತ್ತಿನ ಪಟ್ಟಿಯಲ್ಲಿ ಪುಟಗಳ ಲೆಕ್ಕ ಬರೆದದ್ದು ಇದಕ್ಕೇ. ಒಂದು ತಿಂಗಳಾದ ಮೇಲೆ "ನಿಮ್ಮ ಇಂಡೆಮ್ನಿಟಿ ಫೈಲಲ್ಲಿ ಕಾಣ್ತಾ ಇಲ್ಲ" ಅಂತ ಯಾರಾದರೂ ಅಂದರೆ, ಕೊಟ್ಟಿದ್ದಕ್ಕೆ ನಮ್ಮ ಹತ್ತಿರ ಇರುವ ಸಾಕ್ಷಿ ಆ ಸೀಲು ಬಿದ್ದ ಒಂದು ಪುಟ ಮಾತ್ರ.

ಡೂಪ್ಲಿಕೇಟ್ ಬಂದಮೇಲೆ ಯಾವತ್ತಾದರೂ ಹಳೇ ಪುಸ್ತಕದ ನಡುವೆ ಮೂಲ ಪತ್ರ ಸಿಕ್ಕರೆ ಅದನ್ನ ಬೀರುವಿನಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಶಾಖೆಗೆ ಒಪ್ಪಿಸಿ, ಅದಕ್ಕೂ ಒಂದು ಸ್ವೀಕೃತಿ ತಗೊಳ್ಳಿ. ಒಪ್ಪಿಸ್ತೀವಿ ಅಂತ ಪತ್ರದಲ್ಲಿ ಬರೆದುಕೊಟ್ಟಿದ್ದೀವಲ್ಲ.