ಎರಡು ಮಾಡ್, ಒಂದೇ ಫೈಲು

ಒಬ್ಬ ಹುಡುಗ ಯೂರೋ ಟ್ರಕ್ ಸಿಮ್ಯುಲೇಟರ್ 2 ಆಡುತ್ತಾನೆ ಎನ್ನೋಣ. ಪ್ರತಿ ಕಿಲೋಮೀಟರಿಗೆ ಬಾಡಿಗೆ ದುಪ್ಪಟ್ಟು ಸಿಗಲೆಂದು ಒಂದು ಮಾಡ್ ಹಾಕಿದ. ಆಮೇಲೆ ಹಣಕಾಸಿನ ವ್ಯವಹಾರ ನಿಜದಂತಿರಲೆಂದು ಇನ್ನೊಂದನ್ನೂ ಹಾಕಿದ. ಆಟ ಸಲೀಸಾಗಿ ತೆರೆಯಿತು, ತಪ್ಪಿನ ಸೂಚನೆಯೂ ಬರಲಿಲ್ಲ. ಆದರೆ ಬಾಡಿಗೆ ದುಪ್ಪಟ್ಟಾಗಲಿಲ್ಲ.

ಕಾರಣ ಇಷ್ಟೆ: ಎರಡೂ ಮಾಡ್‌ಗಳೊಳಗೆ ಒಂದೇ ಹೆಸರಿನ ಫೈಲು ಇತ್ತು.

```
def/economy_data.sii
```

ಬಾಡಿಗೆಯ ದರ ಇರುವುದು ಇದರಲ್ಲೇ. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೈಲು ಕಂಡರೆ ಆಟ ಅವನ್ನು ಬೆರೆಸುವುದಿಲ್ಲ. ಮಾಡ್ ಮ್ಯಾನೇಜರ್‌ನ ಪಟ್ಟಿಯಲ್ಲಿ ಮೇಲಿರುವ ಮಾಡ್‌ನ ಫೈಲನ್ನು ಇಡಿಯಾಗಿ ತೆಗೆದುಕೊಂಡು, ಕೆಳಗಿನದನ್ನು ಬಿಟ್ಟುಬಿಡುತ್ತದೆ. ಅವನ ಪಟ್ಟಿಯಲ್ಲಿ ಬಾಡಿಗೆಯ ಮಾಡ್ ಕೆಳಗಿತ್ತು. ಅದನ್ನು ಮೇಲಕ್ಕೆ ಎಳೆದರೆ ಬಾಡಿಗೆ ಹೆಚ್ಚುತ್ತದೆ, ಆದರೆ ಎರಡನೆಯ ಮಾಡ್ ಆ ಫೈಲಿನಲ್ಲಿ ಮಾಡಿದ್ದ ಬದಲಾವಣೆಗಳೆಲ್ಲ ಹೋಗುತ್ತವೆ. ಎರಡೂ ಬೇಕೆಂದರೆ ಒಂದರ ಬಾಡಿಗೆಯ ಸಾಲನ್ನು ಇನ್ನೊಂದರ ಫೈಲಿಗೆ ಕೈಯಾರೆ ಸೇರಿಸಿ, ಆ ಫೈಲನ್ನು ಪುಟ್ಟ ಮೂರನೆಯ ಮಾಡ್ ಮಾಡಿ ಪಟ್ಟಿಯ ತುದಿಯಲ್ಲಿಡಬೇಕು.

ಪಟ್ಟಿಯನ್ನು ಜೋಡಿಸುವ ರೂಢಿಯೂ ಇದರಿಂದಲೇ ಬಂದದ್ದು. ದೊಡ್ಡ ನಕ್ಷೆಗಳು ಕೆಳಗೆ, ಲಾರಿ ಮತ್ತು ಸದ್ದಿನಂಥ ಚಿಕ್ಕವು ಮೇಲೆ. ಒಂದು ಮಾಡ್‌ನ ಲೋಪ ಸರಿಪಡಿಸುವ ತೇಪೆ ಯಾವಾಗಲೂ ಆ ಮಾಡ್‌ಗಿಂತ ಮೇಲಿರಬೇಕು. ನಕ್ಷೆಗಳಲ್ಲಿ ಮಾತ್ರ ತೊಡಕು ಹೆಚ್ಚು. ಭೂಪಟವು ಚೌಕಚೌಕದ ತುಂಡುಗಳಾಗಿರುತ್ತದೆ. ಎರಡು ನಕ್ಷೆಗಳು ಒಂದೇ ತುಂಡನ್ನು ತಿದ್ದಿದ್ದರೆ ಮೇಲಿನದಷ್ಟೇ ಉಳಿದು, ಕೆಳಗಿನದರ ರಸ್ತೆ ಗಡಿಯಲ್ಲಿ ತಟ್ಟನೆ ಕಡಿದುಹೋಗುತ್ತದೆ. ಕ್ರಮ ಬದಲಿಸಿದರೆ ಇದು ಸರಿಹೋಗದು. ಆ ಎರಡು ನಕ್ಷೆಗಳನ್ನು ಬೆಸೆಯಲೆಂದೇ ಮಾಡಿದ ಜೋಡುರಸ್ತೆಯ ಮಾಡ್ ಬೇಕು, ಇಲ್ಲವೇ ಒಂದು ನಕ್ಷೆಯನ್ನು ಕೈಬಿಡಬೇಕು.

ಆಟ ತೆರೆಯುವಾಗಲೇ ಮುಚ್ಚಿಕೊಂಡರೆ ಡಾಕ್ಯುಮೆಂಟ್ಸ್‌ನಲ್ಲಿರುವ ಆಟದ ಫೋಲ್ಡರಿನಲ್ಲಿ `game.log.txt` ನೋಡಿ. ಕೊನೆಯ ಸಾಲುಗಳ ಆಸುಪಾಸಿನಲ್ಲಿ `<ERROR>` ಎಂದಿರುವ ಕಡೆ ಕಾಣುವ ಫೈಲಿನ ಹೆಸರು ಹಲವು ಸಲ ಕಳ್ಳನನ್ನು ತೋರಿಸುತ್ತದೆ. ಆಟವನ್ನು ಮತ್ತೆ ತೆರೆದರೆ ಈ ದಾಖಲೆ ಅಳಿದು ಹೊಸದು ಬರೆಯಲ್ಪಡುತ್ತದೆ, ಹಾಗಾಗಿ ಮೊದಲೇ ನಕಲು ಇಟ್ಟುಕೊಳ್ಳಿ. ಅದರಿಂದಲೂ ತಿಳಿಯದಿದ್ದರೆ ಅರ್ಧ ಮಾಡ್‌ಗಳನ್ನು ತೆಗೆದು ನೋಡಿ. ಆಟ ತೆರೆದರೆ ದೋಷ ತೆಗೆದ ಅರ್ಧದಲ್ಲಿದೆ. ಅದನ್ನು ಮತ್ತೆ ಅರ್ಧ ಮಾಡುತ್ತ ಹೋದರೆ ಹದಿನಾರು ಮಾಡ್‌ಗಳಲ್ಲಿ ಕೆಟ್ಟದ್ದೊಂದು ನಾಲ್ಕೇ ಸುತ್ತಿನಲ್ಲಿ ಸಿಗುತ್ತದೆ.

ಈ ಪರೀಕ್ಷೆಯನ್ನು ಹಳೆಯ ಪ್ರೊಫೈಲಿನಲ್ಲಿ ಮಾಡಬೇಡಿ. ಮಾಡ್‌ಗಳ ಪಟ್ಟಿ ಪ್ರೊಫೈಲಿಗೊಂದರಂತೆ ಬೇರೆಬೇರೆ ಇರುವುದರಿಂದ ಹೊಸದೊಂದನ್ನು ತೆರೆದರೆ ಸಾಕು. ಹಳೆಯದರಲ್ಲಿ ನಕ್ಷೆಯ ಮಾಡ್ ತೆಗೆಯಲೇಬೇಕಾದರೆ ಮೊದಲು ಸರಕು ಇಳಿಸಿ, ಮೂಲ ಆಟದ ಊರೊಂದರಲ್ಲಿ ಲಾರಿ ನಿಲ್ಲಿಸಿ, ಆಟವನ್ನು ಉಳಿಸಿಕೊಳ್ಳಿ. ಇನ್ನು, ಮಾಡ್ ಎಂದರೆ `mod` ಫೋಲ್ಡರಿಗೆ ಹಾಕುವ `.scs` ಅಥವಾ `.zip` ಫೈಲು. ಇಳಿಸಿಕೊಂಡದ್ದು `.exe` ಆಗಿದ್ದರೆ ಒತ್ತದೆ ಅಳಿಸಿಬಿಡಿ: ಲಾರಿಗೆ ಬಣ್ಣ ಹಚ್ಚಲು ಕಂಪ್ಯೂಟರಿನ ಬೀಗದ ಕೈ ಯಾರಿಗೂ ಬೇಕಿಲ್ಲ.