ಮುಖ್ಯಾಧಿಕಾರಿಯ ಭಾಷಣದಿಂದ ನೌಕರರ ಪ್ರಶ್ನಾವಳಿ

ದೊಡ್ಡ ಸಂಸ್ಥೆಗಳ ಮುಖ್ಯಾಧಿಕಾರಿಗಳು ಸಮಸ್ತ ನೌಕರರನ್ನು ಉದ್ದೇಶಿಸಿ ಮಾತನಾಡುವ ಸಭೆಗೆ ‘ಟೌನ್ ಹಾಲ್’ ಎಂಬ ಹೆಸರು ರೂಢಿಯಾಗಿದೆ. ಸಭೆಯ ಧ್ವನಿಮುದ್ರಣವನ್ನು ಕೇಳಿ, ಅದನ್ನು ನೌಕರರ ಪ್ರಶ್ನೆಗಳೂ ಸರಳ ಉತ್ತರಗಳೂ ಉಳ್ಳ ಹಾಳೆಯಾಗಿ ಮಾರ್ಪಡಿಸುವ ಕೆಲಸವನ್ನು ಹಲವರು ಸಾರಾಂಶಲೇಖನವೆಂದು ಭಾವಿಸುತ್ತಾರೆ. ಇದು ವಸ್ತುತಃ ಅರ್ಥನಿರ್ಣಯದ ಕೆಲಸವೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಉದಾಹರಣೆಗೆ ಕೊಂಕಣ ರೈಲ್ವೆಯನ್ನು ತೆಗೆದುಕೊಳ್ಳೋಣ. 1990ರಲ್ಲಿ ಸ್ಥಾಪಿತವಾದ ಈ ನಿಗಮದ ಕೇಂದ್ರ ಕಚೇರಿ ನವಿ ಮುಂಬಯಿಯ ಬೇಲಾಪುರದಲ್ಲಿದೆ; ಪ್ರಾದೇಶಿಕ ಕಚೇರಿಗಳಲ್ಲಿ ಒಂದು ಕಾರವಾರದಲ್ಲಿದೆ. ಕಾರವಾರ, ಅಂಕೋಲಾಗಳ ನಡುವೆ ಹಳಿಯು ಗುಡ್ಡಗಳನ್ನು ಸೀಳಿ ಸಾಗುವುದರಿಂದ, ಮಳೆಗಾಲದಲ್ಲಿ ಮಣ್ಣು ಕುಸಿಯದಂತೆ ಗಮನಿಸಲು ಗ್ಯಾಂಗ್‌ಮನ್ನರು ಗಸ್ತು ತಿರುಗಬೇಕಾಗುತ್ತದೆ. ಬೇಲಾಪುರದಲ್ಲಿ ಇಂಗ್ಲಿಷು, ಹಿಂದಿಗಳಲ್ಲಿ ಆಡಿದ ಮಾತು, ಮನೆಯಲ್ಲಿ ಕೊಂಕಣಿಯನ್ನೋ ಕನ್ನಡವನ್ನೋ ಆಡುವ ಇಂಥ ನೌಕರನನ್ನು ಮುಟ್ಟಬೇಕೆಂದು ಇಟ್ಟುಕೊಳ್ಳೋಣ. ಮುಂದಿನ ಭಾಷಣಭಾಗವು ಯಾರೂ ಆಡಿದ್ದಲ್ಲ. ವಿವರಣೆಗಾಗಿ ನಾವೇ ರಚಿಸಿದ್ದು.

“ಗಸ್ತಿನ ಸಿಬ್ಬಂದಿಯ ಸುರಕ್ಷತೆಗೆ ನಾವು ಬದ್ಧರಾಗಿದ್ದೇವೆ. ಮಳೆಗಾಲಕ್ಕೆ ಮುನ್ನ ಹೊಸ ಟಾರ್ಚು, ರೇನ್‌ಕೋಟುಗಳನ್ನು ಒದಗಿಸುವ ಉದ್ದೇಶವಿದೆ. ಭತ್ಯೆಯ ವಿಷಯವನ್ನೂ ನಾವು ನೋಡುತ್ತಿದ್ದೇವೆ.”

ಮೊದಲು ಧ್ವನಿಮುದ್ರಣವನ್ನು ಅಕ್ಷರಶಃ ಬರೆದುಕೊಂಡು, ಪ್ರತಿ ಮಾತಿನ ಎದುರು ಅದು ಬರುವ ನಿಮಿಷ, ಸೆಕೆಂಡುಗಳನ್ನು ಗುರುತಿಸಬೇಕು. ಅನಂತರ ಪ್ರತಿ ವಾಕ್ಯವನ್ನೂ ನಿರ್ಧಾರ, ಉದ್ದೇಶ, ಪರಿಶೀಲನೆ, ಬರಿಯ ಸದಾಶಯ ಎಂಬ ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಸೇರಿಸಬೇಕು. ಮೇಲಿನ ಮೂರು ವಾಕ್ಯಗಳಲ್ಲಿ ಮೊದಲನೆಯದು ಸದಾಶಯ, ಎರಡನೆಯದು ಉದ್ದೇಶ, ಮೂರನೆಯದು ಪರಿಶೀಲನೆ. ನಿರ್ಧಾರವು ಒಂದೂ ಇಲ್ಲ.

ಕನ್ನಡಕ್ಕೆ ತರುವಾಗ ಈ ಭೇದವು ಅಳಿಸಿಹೋಗುವ ಭಯವುಂಟು. ‘ಕೊಡುತ್ತೇವೆ’ ಎಂಬ ಒಂದೇ ರೂಪವು ಈಗ ಕೊಡುವ ರೂಢಿಯನ್ನೂ ಮುಂದೆ ಕೊಡುವ ವಾಗ್ದಾನವನ್ನೂ ಸೂಚಿಸಬಲ್ಲದು. ‘ಒದಗಿಸುವ ಉದ್ದೇಶವಿದೆ’ ಎಂಬುದನ್ನು ಸರಳಗೊಳಿಸುವ ಭರದಲ್ಲಿ ‘ಕೊಡುತ್ತೇವೆ’ ಎಂದು ಬರೆದರೆ ಉದ್ದೇಶವು ವಾಗ್ದಾನವಾಗಿಬಿಡುತ್ತದೆ. ‘ನಾವು’ ಎಂಬ ಸರ್ವನಾಮವೂ ಹಾಗೆಯೇ: ಮೊದಲ ವಾಕ್ಯದಲ್ಲಿ ಅದು ಇಡೀ ಸಂಸ್ಥೆ, ಮೂರನೆಯದರಲ್ಲಿ ಬಹುಶಃ ಕೇಂದ್ರ ಕಚೇರಿಯ ಒಂದು ವಿಭಾಗ. ಅದು ಯಾವುದೆಂದು ಭಾಷಣಕಾರರ ಕಚೇರಿಯನ್ನು ಕೇಳಿ ತಿಳಿಯಬೇಕಲ್ಲದೆ ಊಹಿಸಿ ಬರೆಯಬಾರದು.

ಪ್ರಶ್ನೆಗಳನ್ನು ಭಾಷಣದಿಂದ ಹೆಕ್ಕದೆ ನೌಕರರಿಂದಲೇ ಸಂಗ್ರಹಿಸಬೇಕು. ಭಾಷಣದಿಂದ ಹೆಕ್ಕಿದರೆ ‘ಸುರಕ್ಷತೆಗೆ ಸಂಸ್ಥೆ ಏನು ಮಾಡುತ್ತಿದೆ?’ ಎಂಬಂಥ, ಉತ್ತರಕ್ಕೆ ಅನುಕೂಲವಾದ ಪ್ರಶ್ನೆಗಳೇ ಹುಟ್ಟುತ್ತವೆ. ಗಸ್ತಿನವನು ಕೇಳುವುದು ಬೇರೆ. ಆತನ ಪ್ರಶ್ನೆಗಳಿಗೆ ಹಾಳೆಯು ಹೀಗೆ ಉತ್ತರಿಸಬೇಕು:

ಪ್ರಶ್ನೆ: ಹೊಸ ಟಾರ್ಚು ಮಳೆಗೆ ಮುಂಚೆ ನನ್ನ ಕೈಸೇರುವುದೇ?
ಉತ್ತರ: ಖಚಿತವಿಲ್ಲ. ಮಳೆಗಾಲಕ್ಕೆ ಮುನ್ನ ಕೊಡುವ ಉದ್ದೇಶವಿದೆ ಎಂದಿದ್ದಾರೆ, ದಿನಾಂಕವನ್ನು ಹೇಳಿಲ್ಲ.

ಪ್ರಶ್ನೆ: ಭತ್ಯೆ ಹೆಚ್ಚುವುದೇ?
ಉತ್ತರ: ಇನ್ನೂ ತೀರ್ಮಾನವಾಗಿಲ್ಲ. ವಿಷಯವನ್ನು ನೋಡುತ್ತಿದ್ದೇವೆ ಎಂದಷ್ಟೇ ಹೇಳಿದ್ದಾರೆ.

ಪ್ರಶ್ನೆ: ರಾತ್ರಿ ಒಬ್ಬನೇ ಗಸ್ತು ಹೋಗಬೇಕೇ?
ಉತ್ತರ: ಸಭೆಯಲ್ಲಿ ಇದಕ್ಕೆ ಉತ್ತರ ಬರಲಿಲ್ಲ. ಪ್ರಶ್ನೆಯನ್ನು ಕೇಂದ್ರ ಕಚೇರಿಗೆ ಕಳುಹಿಸಬೇಕಾಗಿದೆ.

ಪ್ರತಿ ಉತ್ತರದ ಮೊದಲ ಮಾತೇ ಹೌದು, ಇಲ್ಲ, ತೀರ್ಮಾನವಾಗಿಲ್ಲ ಎಂಬುದರಲ್ಲಿ ಯಾವುದೆಂದು ತಿಳಿಸುವುದನ್ನು ವಾಚಕರು ಗಮನಿಸಬಹುದು. ಅಚ್ಚಿನ ಹಾಳೆಯಲ್ಲಿ ಇದರ ಕೆಳಗೆ ಧ್ವನಿಮುದ್ರಣದ ನಿಮಿಷವೂ ಇರತಕ್ಕದ್ದು. ಮೂರನೆಯ ಪ್ರಶ್ನೆಯನ್ನು ಉತ್ತರವಿಲ್ಲವೆಂದು ಕೈಬಿಡುವ ಪ್ರವೃತ್ತಿ ಸಹಜ. ಆದರೆ ಅದನ್ನು ಬಿಟ್ಟರೆ, ತಾನು ಕೇಳಿದ್ದು ಮೇಲಕ್ಕೆ ತಲುಪಿತೇ ಎಂಬುದೇ ನೌಕರನಿಗೆ ತಿಳಿಯದು. ಹಾಗೆಯೇ, ಮುಟ್ಟಿಸುವ ಹೊಣೆ ಹೊತ್ತವರು ಯಾರೆಂದು ಬರೆಯದಿದ್ದರೆ ‘ಕಳುಹಿಸಬೇಕಾಗಿದೆ’ ಎಂಬ ಮಾತೂ ಸದಾಶಯವಾಗಿಯೇ ಉಳಿಯುವುದು.

ಹಾಳೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯುಂಟು. ಭಾಷಣವನ್ನು ಕೇಳದ ಇಬ್ಬರಿಗೆ ಅದನ್ನು ಓದಲು ಕೊಟ್ಟು, ‘ಏನು ಸಿಗುತ್ತದೆ, ಯಾವಾಗ?’ ಎಂದು ಕೇಳಬೇಕು. ಅವರು ಹೇಳುವುದು ಧ್ವನಿಮುದ್ರಣದಲ್ಲಿರುವುದಕ್ಕಿಂತ ಹೆಚ್ಚಾಗಿದ್ದರೆ ಹಾಳೆಯು ಭಾಷಣಕಾರರ ಪರವಾಗಿ ವಾಗ್ದಾನ ಮಾಡಿದೆ; ಕಡಮೆಯಾಗಿದ್ದರೆ ನೌಕರನಿಗೆ ಸಲ್ಲಬೇಕಾದ ಮಾತನ್ನು ನುಂಗಿದೆ. ಮೊದಲನೆಯ ದೋಷವು ಹಾಳೆ ಹಂಚಿದ ದಿನ ಕಾಣುವುದಿಲ್ಲ. ಹಳೆಯ ಟಾರ್ಚನ್ನೇ ಹಿಡಿದು ಜೂನಿನ ಮಳೆಯಲ್ಲಿ ಹಳಿಯ ಮೇಲೆ ನಡೆಯುವವನಿಗೆ ಅದು ಕಾಣುತ್ತದೆ. ಮುಂದಿನ ಹಾಳೆಯನ್ನು ಅವನು ನಂಬುವನೇ ಎಂಬುದು ಆಗ ನಿರ್ಧಾರವಾಗುವುದು.

ಈ ವಿಧಾನಕ್ಕೆ ಒಂದು ಮಿತಿಯೂ ಇದೆ. ಮಾತು ಅಸ್ಪಷ್ಟವಾಗಿದ್ದರೆ ಹಾಳೆಯು ಅದನ್ನು ಸ್ಪಷ್ಟಗೊಳಿಸಲಾರದು. ಅಸ್ಪಷ್ಟವೆಂಬುದನ್ನು ಸ್ಪಷ್ಟವಾಗಿ ತಿಳಿಸಬಲ್ಲದು, ಅಷ್ಟೆ.