ಧಕ್ಕೆ ದುರಸ್ತಿಯಾಯಿತೋ, ಆಗಬೇಕೋ

ಕೆಲವು ವರ್ಷಗಳ ಹಿಂದೆ ಹೊನ್ನಾವರದಲ್ಲಿ, ಶರಾವತಿಯು ಅಗಲವಾಗಿ ಹರಡಿ ಕಡಲನ್ನು ಸೇರುವ ಅಳಿವೆಯ ಸಮೀಪದಲ್ಲಿ, ಮೀನುಗಾರರು ಸಭೆ ಸೇರಿ, ತಮ್ಮ ಸಣ್ಣ ಧಕ್ಕೆಯನ್ನು ದುರಸ್ತಿ ಮಾಡಬೇಕೆಂದು ಒತ್ತಾಯಿಸುವ ಠರಾವೊಂದನ್ನು ಅಂಗೀಕರಿಸಿದರು. ಅದನ್ನು ಇಂಗ್ಲಿಷಿಗೆ ತಿರುಗಿಸುವ ಹೊಣೆ ಕುಮಟೆಯಲ್ಲಿ ಪದವಿ ಮುಗಿಸಿ ಬಂದಿದ್ದ ತರುಣನೊಬ್ಬನ ಪಾಲಿಗೆ ಬಂದಿತು. ಕಳುಹಿಸುವ ಮುನ್ನ ಅವನು ಅದನ್ನು ನನಗೆ ತೋರಿಸಿದನು. ಅದರಲ್ಲಿದ್ದ ವಾಕ್ಯವಿದು: ‘ದ ಮೀಟಿಂಗ್ ಇನ್ಸಿಸ್ಟೆಡ್ ದ್ಯಾಟ್ ದ ಜೆಟ್ಟಿ ವಾಸ್ ರಿಪೇರ್ಡ್.’ ಕಾಗುಣಿತದಲ್ಲಿ ದೋಷವಿರಲಿಲ್ಲ. ಕಾಲದ ಹೊಂದಾಣಿಕೆಯೂ ಪಾಠದಲ್ಲಿ ಕಲಿತಂತೆಯೇ ಇತ್ತು. ಆದರೆ ಪರಸ್ಥಳದ ಅಧಿಕಾರಿಯೊಬ್ಬನು ಅದನ್ನೋದಿ, ಧಕ್ಕೆಯು ಈಗಾಗಲೇ ದುರಸ್ತಿಯಾಗಿದೆಯೆಂದು ಸಭೆಯು ಪಟ್ಟುಹಿಡಿದು ಸಾಧಿಸುತ್ತಿದೆಯೆಂದು ತಿಳಿದು, ಕಡತವನ್ನು ಕಟ್ಟಿಟ್ಟಿದ್ದರೆ ಅವನನ್ನು ದೂರುವಂತಿರಲಿಲ್ಲ. ‘ವಾಸ್’ ಎಂಬುದನ್ನು ಹೊಡೆದು ‘ಬಿ’ ಎಂದು ಬರೆದೆನು. ತರುಣನಿಗೆ ಅದು ಅಚ್ಚಿನ ತಪ್ಪಿನಂತೆ ತೋರಿತು.

‘ಇನ್ಸಿಸ್ಟ್’ ಎಂಬ ಕ್ರಿಯಾಪದದಲ್ಲಿ ಎರಡು ಅರ್ಥಗಳು ಒಂದೇ ಸೂರಿನಡಿ ವಾಸವಾಗಿವೆ: ಒಂದು, ಇದು ಹೀಗೆಯೇ ಇದೆಯೆಂದು ಸಾಧಿಸುವುದು; ಇನ್ನೊಂದು, ಇದು ಹೀಗೆಯೇ ಆಗಬೇಕೆಂದು ಹಟಹಿಡಿಯುವುದು. ‘ಸಜೆಸ್ಟ್’ ಎಂಬುದರ ಸ್ಥಿತಿಯೂ ಇದೇ. ‘ಹೀಗಿದ್ದೀತು’ ಎಂದು ಸೂಚಿಸುವುದಕ್ಕೂ ‘ಹೀಗೆ ಮಾಡೋಣ’ ಎಂದು ಸಲಹೆಯೀಯುವುದಕ್ಕೂ ಅದೊಂದೇ ಮಾತು. ಕನ್ನಡಿಗನು ಈ ಗೊಂದಲವನ್ನು ಅನುಭವಿಸುವುದೇ ಇಲ್ಲ. ಏಕೆಂದರೆ ನಮ್ಮಲ್ಲಿ ‘ದುರಸ್ತಿಯಾಗಿದೆಯೆಂದು’ ಎಂಬುದೂ ‘ದುರಸ್ತಿಯಾಗಬೇಕೆಂದು’ ಎಂಬುದೂ ಅಧೀನವಾಕ್ಯದಲ್ಲಿಯೇ ಸ್ಪಷ್ಟವಾಗಿ ಬೇರ್ಪಟ್ಟಿರುವುವು. ‘ಬೇಕು’ ಎಂಬ ಪುಟ್ಟ ಪದವು ಇಡೀ ಭಾರವನ್ನು ಹೊರುತ್ತದೆ. ಇಂಗ್ಲಿಷಿನಲ್ಲಿ ಆ ಭಾರವನ್ನು ಹೊರುವುದು ಯಾವ ಪ್ರತ್ಯಯವೂ ಅಂಟದ ಬರಿಯ ಧಾತು. ‘ಹಿ ಕಮ್ಸ್’ ಎಂದರೆ ವಾಸ್ತವ. ‘ದ್ಯಾಟ್ ಹಿ ಕಮ್’ ಎಂದರೆ ಬರಲಿ ಎಂಬ ಅಪೇಕ್ಷೆ. ಕಡೆಯ ಸಕಾರವೊಂದು ಕಾಣೆಯಾಗುವುದೇ ಅಲ್ಲಿನ ‘ಬೇಕು’.

ಇದನ್ನು ಗುರುತಿಸುವ ಬಗೆ ಕಷ್ಟವಲ್ಲ. ಪ್ರಧಾನ ಕ್ರಿಯೆ ಭೂತಕಾಲದಲ್ಲಿದ್ದರೂ ಅಧೀನಕ್ರಿಯೆ ಭೂತಕ್ಕೆ ಹೊರಳುವುದಿಲ್ಲ. ನಿಷೇಧದಲ್ಲಿ ‘ಡಸ್ ನಾಟ್’, ‘ಡಿಡ್ ನಾಟ್’ ಎಂಬ ಊರುಗೋಲಿಲ್ಲದೆ ಬರಿಯ ‘ನಾಟ್’ ಧಾತುವಿನ ಮುಂದೆ ನಿಲ್ಲುತ್ತದೆ: ‘ಶಿ ಇನ್ಸಿಸ್ಟೆಡ್ ದ್ಯಾಟ್ ಹಿ ನಾಟ್ ಗೋ.’ ಕಿವಿಗೆ ಒರಟಾದರೂ ಇದು ಶುದ್ಧರೂಪ. ಆದರೆ ಕರ್ತೃವು ಬಹುವಚನದಲ್ಲಿದ್ದು ವರ್ತಮಾನದಲ್ಲಿ ಮಾತಾಡಿದಾಗ ಈ ಗುರುತು ಅಳಿಸಿಹೋಗುತ್ತದೆ. ‘ದೆ ಕಮ್’ ಎಂಬುದು ವಾಸ್ತವಕ್ಕೂ ಅಪೇಕ್ಷೆಗೂ ಒಂದೇ ಉಡುಪು. ಅಲ್ಲಿ ಸಂದೇಹ ಬಂದಲ್ಲಿ ‘ಶುಡ್’ ಎಂಬುದನ್ನು ಸೇರಿಸಿಕೊಳ್ಳುವುದೇ ವಿವೇಕ. ಬ್ರಿಟಿಷರ ಬರೆಹದಲ್ಲಿ ‘ಶುಡ್’ ಬಹುಕಾಲದಿಂದ ಬಳಕೆಯಲ್ಲಿದೆ. ನಮ್ಮ ಶಾಲೆಗಳು ಅವರಿಂದ ಪಡೆದದ್ದೂ ಅದನ್ನೇ. ಬರಿಯ ಧಾತುವನ್ನು ಹೆಚ್ಚಾಗಿ ಉಳಿಸಿಕೊಂಡು ಇಪ್ಪತ್ತನೆಯ ಶತಮಾನದಲ್ಲಿ ಬೆಳೆಸಿದವರು ಅಮೆರಿಕನ್ನರು. ಇನ್ನೊಂದು ಮಾತನ್ನೂ ಹೇಳಬೇಕು: ಬ್ರಿಟಿಷರಲ್ಲಿ ಕೆಲವರು ಅಪೇಕ್ಷೆಯ ಅರ್ಥದಲ್ಲಿಯೂ ‘ವಾಸ್’ ಎಂದೇ ಬರೆಯುವರು. ಆದುದರಿಂದ ನಮ್ಮ ತರುಣನ ವಾಕ್ಯವನ್ನು ವ್ಯಾಕರಣದ ಅಪರಾಧವೆನ್ನುವುದಕ್ಕಿಂತ, ಓದುಗನನ್ನು ಎರಡು ದಾರಿಗಳ ನಡುವೆ ನಿಲ್ಲಿಸಿದ ವಾಕ್ಯವೆನ್ನುವುದೇ ನ್ಯಾಯ.

ತರುಣನು ಅಷ್ಟಕ್ಕೇ ಬಿಡಲಿಲ್ಲ. ‘ಹಾಗಾದರೆ, ಇಫ್ ಐ ವರ್ ಯೂ ಎಂಬಲ್ಲಿ ನಾನೊಬ್ಬನೇ ಇದ್ದರೂ ಬಹುವಚನವೇಕೆ, ಸರ್?’ ಎಂದು ಕೇಳಿದನು. ಪ್ರಶ್ನೆ ಸಹಜವಾದುದೇ, ಉತ್ತರವು ಇತಿಹಾಸದಲ್ಲಿದೆ. ಅದು ಬಹುವಚನವಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ‘ಇದ್ದೆ’ ಎಂಬುದಕ್ಕೆ ‘ವ್ಯಾಸ್’, ‘ಇದ್ದರು’ ಎಂಬುದಕ್ಕೆ ‘ವ್ಯಾರಾನ್’ ಎಂಬ ರೂಪಗಳಿದ್ದಂತೆ, ಸಂಭಾವನೆಯ ಅರ್ಥದಲ್ಲಿ ಏಕವಚನಕ್ಕೇ ‘ವ್ಯಾರೆ’ ಎಂಬ ಪ್ರತ್ಯೇಕ ರೂಪವಿತ್ತು. ಕಾಲಕ್ರಮದಲ್ಲಿ ಅಂತ್ಯಾಕ್ಷರಗಳು ಸವೆದುಹೋಗಿ ಅದು ಬಹುವಚನದ ರೂಪದೊಡನೆ ಒಂದಾಯಿತು. ಉಳಿದ ಕ್ರಿಯಾಪದಗಳಲ್ಲಿ ಈ ಭೇದವು ಪೂರ್ಣವಾಗಿ ಅಳಿದು, ಭಾಷೆಯ ಈ ಒಂದೇ ಮೂಲೆಯಲ್ಲಿ ಉಳಿದುಕೊಂಡಿತು. 1926ರಲ್ಲಿ ಪ್ರಕಟವಾದ ತನ್ನ ಪದಬಳಕೆಯ ಕೋಶದಲ್ಲಿ ಫೌಲರನು ಈ ಕ್ರಿಯಾರ್ಥವು ಅವಸಾನದಂಚಿನಲ್ಲಿದೆಯೆಂದೇ ಭಾವಿಸಿದ್ದನು. ‘ಇಫ್ ಐ ವರ್’ ಮಾತ್ರ ಇನ್ನೂ ಉಸಿರಾಡುತ್ತಲೇ ಇದೆ.

ಆದರೆ ಭೂತಕಾಲದ ರೂಪವನ್ನು ಇಂದಿನ ಅವಾಸ್ತವಕ್ಕೆ ಹಚ್ಚುವುದು ವಿಚಿತ್ರವೆಂದು ಭಾವಿಸುವವರು ಮೊದಲು ತಮ್ಮ ನಾಲಗೆಯನ್ನೇ ಗಮನಿಸತಕ್ಕದ್ದು. ‘ನಾಳೆ ಮಳೆ ಬಂದರೆ’ ಎನ್ನುತ್ತೇವೆ. ಮಳೆ ಇನ್ನೂ ಬಂದಿಲ್ಲ. ಆದರೂ ‘ಬಂದರೆ’ ಎಂಬ ಪದದ ಬುಡದಲ್ಲಿರುವುದು ‘ಬಂದ’ ಎಂಬ ಭೂತಕೃದಂತವೇ. ಹಳಗನ್ನಡದ ‘ಬಂದೊಡೆ’ಯಲ್ಲಿ ಇದು ಇನ್ನೂ ಸ್ಪಷ್ಟ. ನೆಲದಿಂದ ನೆಲಕ್ಕೆ ಸಂಬಂಧವಿಲ್ಲದ ಎರಡು ಭಾಷೆಗಳು ಸಂದುಹೋದ ಕಾಲದ ದೂರವನ್ನೇ ವಾಸ್ತವದಿಂದಿರುವ ದೂರಕ್ಕೆ ಸಂಕೇತವಾಗಿ ಬಳಸಿಕೊಂಡಿವೆ.

ಹಾಗೆಂದು ಎರಡರ ನಡೆ ಒಂದೇ ಅಲ್ಲ. ಕಳೆದ ಶ್ರಾವಣದಲ್ಲಿ ನಾನು ಭಟ್ಕಳದ ಬಸ್ ನಿಲ್ದಾಣದಲ್ಲಿ ಕಾದು ಕುಳಿತಿದ್ದಾಗ ಇಬ್ಬರು ಆಡಿದ ಮಾತುಗಳು ಈಗಲೂ ನೆನಪಿವೆ. ಒಬ್ಬನು, ‘ಮೇಲೆ ಮಳೆ ಬಂದಿದ್ದರೆ ಹೊಳೆ ತುಂಬಿರ್ತದೆ’ ಎಂದನು. ಘಾಟಿಯ ಮೇಲಣ ಸ್ಥಿತಿ ಅವನಿಗೆ ಗೊತ್ತಿರಲಿಲ್ಲ. ಇನ್ನೊಬ್ಬನು, ‘ಮಳೆ ಬಂದಿದ್ದರೆ ಹೊಳೆ ತುಂಬ್ತಿತ್ತು’ ಎಂದನು. ಬರಲಿಲ್ಲವೆಂದು ಅವನು ಅರಿತಿದ್ದನು. ‘ಬಂದಿದ್ದರೆ’ ಎಂಬ ಪದ ಇಬ್ಬರಲ್ಲಿಯೂ ಒಂದೇ. ಅವಾಸ್ತವದ ಗುಟ್ಟು ಅಡಗಿದ್ದುದು ವಾಕ್ಯದ ಬಾಲದಲ್ಲಿ. ಇಂಗ್ಲಿಷಿನಲ್ಲಿ ಆ ಗುಟ್ಟು ವಾಕ್ಯದ ಮೊದಲಲ್ಲಿಯೂ ಕಡೆಯಲ್ಲಿಯೂ ಹಂಚಿಹೋಗಿದೆ: ‘ವರ್’ ಒಂದು ತುದಿಗೆ, ‘ವುಡ್’ ಇನ್ನೊಂದು ತುದಿಗೆ. ಆದುದರಿಂದಲೇ ‘ಇಫ್ ಐ ವಾಸ್ ಯೂ, ಐ ವುಡ್ ಗೋ’ ಎಂದವನ ಮಾತು ತಪ್ಪಾಗಿ ತಿಳಿಯಲ್ಪಡುವುದಿಲ್ಲ. ಬಾಲದ ‘ವುಡ್’ ಅರ್ಥವನ್ನು ಕಾಯುತ್ತದೆ. ಮಾತಿನಲ್ಲಿ ‘ವಾಸ್’ ಧಾರಾಳವಾಗಿ ನಡೆಯುತ್ತದೆ. ಆದರೆ ‘ಇಫ್’ ಅನ್ನು ಬಿಟ್ಟು ಕ್ರಿಯೆಯನ್ನು ಮುಂದಕ್ಕೆ ತಂದಾಗ ‘ವರ್ ಐ’ ಮಾತ್ರ ನಿಲ್ಲುತ್ತದೆ. ‘ವಾಸ್ ಐ’ ಎಂದೊಡನೆ ಅದು ಪ್ರಶ್ನೆಯಾಗಿಬಿಡುತ್ತದೆ.

ನಿಜವಾಗಿ ನೋಡಿದರೆ, ನನ್ನ ವಿದ್ಯಾರ್ಥಿಗಳು ಎಡವುವುದು ‘ವಾಸ್’ ಹೇಳಿದ್ದರಿಂದಲ್ಲ, ‘ವರ್’ ಕಲಿತಮೇಲೆ ಎಲ್ಲೆಲ್ಲಿಯೂ ಅದನ್ನೇ ಹಚ್ಚುವುದರಿಂದ. ‘ನಿನ್ನೆ ನಾನು ತಡವಾಗಿ ಬಂದಿದ್ದರೆ ಕ್ಷಮಿಸಿ’ ಎಂಬುದನ್ನು ‘ಇಫ್ ಐ ವರ್ ಲೇಟ್ ಯೆಸ್ಟರ್‌ಡೇ’ ಎಂದು ಬರೆದರೆ ಅದು ಅತಿಶುದ್ಧಿಯ ಫಲ. ತಡವಾಗಿರಲೂಬಹುದು, ಆಗದೆಯೂ ಇರಬಹುದು, ಪ್ರಶ್ನೆ ತೆರೆದೇ ಇದೆ. ಆಗ ‘ವಾಸ್’ ಒಂದೇ ಸರಿ. ಪರೀಕ್ಷಿಸಲು ಒಂದು ಉಪಾಯವನ್ನು ನಾನು ಅವರಿಗೆ ಹೇಳಿಕೊಟ್ಟಿದ್ದೇನೆ: ವಾಕ್ಯವನ್ನು ಮೊದಲು ಕನ್ನಡದಲ್ಲಿ ಮುಗಿಸಿ ನೋಡಿ, ಬಾಲದಲ್ಲಿ ‘ಹೋಗುತ್ತಿದ್ದೆ’, ‘ಕೊಡುತ್ತಿದ್ದೆ’ ಎಂಬಂತಹ ರೂಪ ಬಂದು, ಮಾತು ಇಂದಿನದಾಗಿದ್ದರೆ ‘ವರ್’; ‘ಹೋಗಿರುತ್ತೇನೆ’, ‘ಕ್ಷಮಿಸಿ’ ಎಂಬಂತಹ ರೂಪ ಬಂದರೆ ‘ವಾಸ್’. ಕಳೆದುಹೋದ ಅವಾಸ್ತವಕ್ಕೆ ‘ಹ್ಯಾಡ್ ಬೀನ್’ ಬೇರೆಯೇ ಇದೆ.

ಧಕ್ಕೆಯ ಠರಾವು ‘ಬಿ ರಿಪೇರ್ಡ್’ ಎಂದೇ ಅಂಚೆಗೆ ಹೋಯಿತು. ಎರಡು ಮಳೆಗಾಲ ಕಳೆದವು. ಕಲ್ಲುಗಳು ಇನ್ನೂ ಅಲುಗಾಡುತ್ತಲೇ ಇವೆ.